ಒಂದೇ ಷೇರು, ಎರಡು ಬೆಲೆ: ಎನ್‌ಎಸ್‌ಇ–ಬಿಎಸ್‌ಇ ಅಂತರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವುದರಿಂದ ಬಳ್ಳಾರಿ, ಸಂಡೂರು ಕಡೆಯ ಅನೇಕರಿಗೆ ಷೇರುಪೇಟೆಯ ಮೊದಲ ಪರಿಚಯವಾಗುವುದೇ ಜೆಎಸ್‌ಡಬ್ಲ್ಯು ಸ್ಟೀಲ್ ಷೇರಿನಿಂದ. ಮೊಬೈಲ್‌ನಲ್ಲಿ ಆ ಹೆಸರು ಹುಡುಕಿದರೆ ಎರಡು ಸಾಲು ಕಾಣುತ್ತವೆ, ಒಂದು ಎನ್‌ಎಸ್‌ಇಯದು, ಇನ್ನೊಂದು ಬಿಎಸ್‌ಇಯದು. ಬೆಲೆಗಳಲ್ಲಿ ಕೆಲವು ಪೈಸೆಯ, ಕೆಲವೊಮ್ಮೆ ರೂಪಾಯಿಯ ಅಂತರವಿರುತ್ತದೆ. "ಕಡಿಮೆ ಇರುವ ಕಡೆ ಕೊಂಡು ಹೆಚ್ಚಿರುವ ಕಡೆ ಮಾರಿದರೆ ಆಯಿತಲ್ಲ?" ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಬಳ್ಳಾರಿಯಲ್ಲಿ ಸಣ್ಣ ಹೂಡಿಕೆದಾರರ ಲೆಕ್ಕಪತ್ರ ನೋಡುವ ನನ್ನ ಬಳಿಗೆ ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯವರು ಇದೇ ಪ್ರಶ್ನೆಯನ್ನು ಹಿಡಿದು ಬರುತ್ತಾರೆ. ಅವರು ಕೇಳುವುದನ್ನೂ ನಾನು ಕೊಡುವ ಉತ್ತರವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಶುಲ್ಕ ಮತ್ತು ತೆರಿಗೆಯ ದರಗಳು 2025ರಲ್ಲಿ ಜಾರಿಯಲ್ಲಿದ್ದವು. ಉದಾಹರಣೆಯ ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವುದೇ ಕಂಪನಿಯ ನಿಜವಾದ ಬೆಲೆಗಳಲ್ಲ.

ಒಂದೇ ಕಂಪನಿಯ ಷೇರಿಗೆ ಎರಡು ಬೆಲೆ ಬರುವುದಾದರೂ ಹೇಗೆ?

ಎನ್‌ಎಸ್‌ಇ ಮತ್ತು ಬಿಎಸ್‌ಇ ಎರಡೂ ಮುಂಬೈಯಲ್ಲೇ ಇದ್ದರೂ ಅವು ಬೇರೆ ಬೇರೆ ಷೇರು ವಿನಿಮಯ ಕೇಂದ್ರಗಳು, ಬೇರೆ ಬೇರೆ ಸಂತೆಗಳಿದ್ದಂತೆ. ಒಂದೊಂದರಲ್ಲೂ ಕೊಳ್ಳುವವರ ಮತ್ತು ಮಾರುವವರ ಪಟ್ಟಿ ಪ್ರತ್ಯೇಕ. ಒಬ್ಬರು ಎನ್‌ಎಸ್‌ಇಯಲ್ಲಿ ದೊಡ್ಡ ಮೊತ್ತಕ್ಕೆ ಕೊಂಡರೆ ಅಲ್ಲಿಯ ಬೆಲೆ ಮೇಲೇರುತ್ತದೆ. ಬಿಎಸ್‌ಇಯಲ್ಲಿ ಮಾರಲು ಬೆಲೆ ಹೇಳಿ ಕುಳಿತವರು ತಮ್ಮ ಬೆಲೆಯನ್ನು ತಿದ್ದಿಕೊಳ್ಳುವವರೆಗೆ ಅಂತರ ಉಳಿಯುತ್ತದೆ. ದೊಡ್ಡ ಕಂಪನಿಗಳಲ್ಲಿ ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿದು ಹೋಗುತ್ತದೆ. ವಹಿವಾಟು ಕಡಿಮೆ ಇರುವ ಸಣ್ಣ ಕಂಪನಿಗಳಲ್ಲಿ ನಿಮಿಷಗಟ್ಟಲೆ ಉಳಿಯಬಹುದು.

ಷೇರು ಮಾತ್ರ ಒಂದೇ. ಎರಡೂ ಕಡೆ ಅದನ್ನು ಗುರುತಿಸುವ ಐಎಸ್‌ಐಎನ್ ಸಂಖ್ಯೆ ಒಂದೇ ಆಗಿರುತ್ತದೆ. ಎನ್‌ಎಸ್‌ಇಯಲ್ಲಿ ಕೊಂಡ ಷೇರು ಡಿಮ್ಯಾಟ್ ಖಾತೆಗೆ ಬಂದ ಮೇಲೆ ಅದನ್ನು ಬಿಎಸ್‌ಇಯಲ್ಲಿ ಮಾರಬಹುದು. ಅಂತರ ಅಸಹಜವಾಗಿ ದೊಡ್ಡದಾಗಿ ಕಂಡರೆ ಮೊದಲು ಆ ಸಂಖ್ಯೆಯನ್ನೇ ಹೋಲಿಸಿ. ಪೂರ್ತಿ ಹಣ ಕಟ್ಟಿರದ ಷೇರು, ಹಕ್ಕಿನ ಷೇರಿನ ಅರ್ಹತೆ ಇವೆಲ್ಲ ಅದೇ ಕಂಪನಿಯ ಹೆಸರಿನಲ್ಲಿ ಬೇರೆ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಅವು ಬೇರೆ ಸ್ವತ್ತು, ಅವುಗಳ ಬೆಲೆಯೂ ಬೇರೆ.

ನನ್ನ ಮೊಬೈಲ್‌ನಲ್ಲಿ ಎನ್‌ಎಸ್‌ಇ 1,000, ಬಿಎಸ್‌ಇ 1,002 ಎಂದು ತೋರಿಸುತ್ತಿದೆ. ಷೇರಿಗೆ ಎರಡು ರೂಪಾಯಿ ಸಿಗುತ್ತದೆ ತಾನೆ?

ಅಷ್ಟು ಸಿಗುವುದಿಲ್ಲ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಸಂಖ್ಯೆ ಕೊನೆಯದಾಗಿ ನಡೆದ ವ್ಯವಹಾರದ ಬೆಲೆ. ಆಗಿ ಹೋದದ್ದನ್ನು ಅದು ಹೇಳುತ್ತದೆ. ಈಗ ನಿಮ್ಮ ಷೇರನ್ನು ಆ ಬೆಲೆಗೆ ಕೊಳ್ಳಲು ಯಾರಾದರೂ ಕಾದಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಷೇರಿನ ಹೆಸರನ್ನು ಒತ್ತಿ 'ಮಾರ್ಕೆಟ್ ಡೆಪ್ತ್' ತೆರೆಯಿರಿ. ಕೊನೆಯ ವ್ಯವಹಾರ ನಡೆದ ಸಮಯವನ್ನೂ ಅನೇಕ ಆ್ಯಪ್‌ಗಳು ಅಲ್ಲೇ ತೋರಿಸುತ್ತವೆ. ಎನ್‌ಎಸ್‌ಇಯಲ್ಲಿ ಅದು 11:43:55 ಇದ್ದು ಬಿಎಸ್‌ಇಯಲ್ಲಿ 11:42:07 ಇದ್ದರೆ, ನೀವು ಈಗಿನ ಬೆಲೆಯನ್ನು ಸುಮಾರು ಎರಡು ನಿಮಿಷ ಹಳೆಯ ಬೆಲೆಯೊಂದಿಗೆ ಹೋಲಿಸುತ್ತಿದ್ದೀರಿ. ನಮ್ಮ ದೇಶದ ಷೇರುಗಳ ನಗದು ವಹಿವಾಟಿನ ಬಹುಪಾಲು ಎನ್‌ಎಸ್‌ಇಯಲ್ಲೇ ನಡೆಯುವುದರಿಂದ ಹಿಂದೆ ಬೀಳುವುದು ಸಾಮಾನ್ಯವಾಗಿ ಬಿಎಸ್‌ಇಯ ಸಂಖ್ಯೆ. ಜನ ತೋರಿಸುವ ಸ್ಕ್ರೀನ್‌ಶಾಟ್‌ಗಳಲ್ಲಿ ಹೆಚ್ಚಿನವು ಈ ಒಂದು ಪರೀಕ್ಷೆಗೇ ಬಿದ್ದು ಹೋಗುತ್ತವೆ.

ಹಾಗಾದರೆ ನಿಜವಾದ ಅಂತರವನ್ನು ಯಾವ ಸಂಖ್ಯೆಗಳಿಂದ ಲೆಕ್ಕ ಹಾಕಬೇಕು?

ಕಡಿಮೆ ಇರುವ ಕಡೆಯಲ್ಲಿ ಮಾರುವವರು ಹೇಳುವ ಬೆಲೆ, ಅಂದರೆ ಆಫರ್. ಹೆಚ್ಚಿರುವ ಕಡೆಯಲ್ಲಿ ಕೊಳ್ಳುವವರು ಹೇಳುವ ಬೆಲೆ, ಅಂದರೆ ಬಿಡ್. ಈ ಎರಡನ್ನೂ ಅವುಗಳ ಪಕ್ಕದಲ್ಲಿರುವ ಷೇರುಗಳ ಸಂಖ್ಯೆಯೊಂದಿಗೆ ಓದಬೇಕು.

ಮೇಲಿನ ಷೇರನ್ನೇ ತೆಗೆದುಕೊಳ್ಳೋಣ. ಎನ್‌ಎಸ್‌ಇಯಲ್ಲಿ 60 ಷೇರು 1,000.20ಕ್ಕೆ ಮಾರಾಟಕ್ಕಿವೆ, ಅದರ ಹಿಂದೆ ಬೇಕಾದಷ್ಟು 1,000.30ಕ್ಕೆ. ಬಿಎಸ್‌ಇಯಲ್ಲಿ ಕೊಳ್ಳುವವರ ಐದು ಸಾಲುಗಳು ಹೀಗಿವೆ: 1,001.20ಕ್ಕೆ 18 ಷೇರು, 1,000.80ಕ್ಕೆ 40, 1,000.40ಕ್ಕೆ 65, 1,000.00ಕ್ಕೆ 90, 999.70ಕ್ಕೆ 120. ಪರದೆ ತೋರಿಸಿದ 1,002ಕ್ಕೆ ಕೊಳ್ಳುವವರು ಒಬ್ಬರೂ ಇಲ್ಲ. ಆ ವ್ಯವಹಾರ ಮುಗಿದು ಹೋಗಿದೆ.

ನೂರು ಷೇರು ಕೊಂಡು ಮಾರುತ್ತೀರಿ ಎಂದುಕೊಳ್ಳಿ. ಕೊಳ್ಳಲು 60 ಷೇರಿಗೆ 60,012 ರೂಪಾಯಿ, ಉಳಿದ 40ಕ್ಕೆ 40,012, ಒಟ್ಟು 1,00,024 ರೂಪಾಯಿ ಹೋಗುತ್ತದೆ. ಮಾರುವಾಗ ಮೊದಲ 18 ಷೇರಿಗೆ 18,021.60, ಮುಂದಿನ 40ಕ್ಕೆ 40,032, ಉಳಿದ 42ಕ್ಕೆ 42,016.80, ಒಟ್ಟು 1,00,070.40 ಬರುತ್ತದೆ. ಇನ್ನೂರು ರೂಪಾಯಿಯಂತೆ ಕಂಡದ್ದು 46 ರೂಪಾಯಿ 40 ಪೈಸೆಗೆ ಇಳಿಯಿತು. ಒಂದು ಪೈಸೆ ಶುಲ್ಕ ಕಟ್ಟುವ ಮೊದಲೇ ಆಸೆಯ ಮುಕ್ಕಾಲು ಪಾಲು ಕರಗಿದೆ.

ಆ 46 ರೂಪಾಯಿಯಾದರೂ ಉಳಿಯುತ್ತದೆಯೇ?

ಇದನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಮೊದಲು ನಿಮಗೆ ಅತ್ಯಂತ ಅನುಕೂಲವಾದ ರೀತಿಯಲ್ಲಿ, ಅಂದರೆ ಅದೇ ದಿನ ಕೊಂಡು ಮಾರುವ ಇಂಟ್ರಾಡೇ ವ್ಯವಹಾರದ ದರದಲ್ಲಿ ಎಲ್ಲವೂ ಮುಗಿಯಿತು ಎಂದು ಭಾವಿಸಿ.

ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಇಂಟ್ರಾಡೇಯಲ್ಲಿ ಮಾರಿದ ಮೊತ್ತದ ಮೇಲೆ ಮಾತ್ರ ಶೇ 0.025. ಇದು 25 ರೂಪಾಯಿ ಆಯಿತು. ಕೊಂಡ ಮೊತ್ತದ ಮೇಲೆ ಮುದ್ರಾಂಕ ಶುಲ್ಕ ಶೇ 0.003, ಅಂದರೆ 3 ರೂಪಾಯಿ. ವಿನಿಮಯ ಕೇಂದ್ರದ ಶುಲ್ಕ ಎನ್‌ಎಸ್‌ಇಯಲ್ಲಿ ಲಕ್ಷಕ್ಕೆ 2.97, ಬಿಎಸ್‌ಇಯಲ್ಲಿ 3.75, ಸೇರಿ 6.72. ಷೇರುಪೇಟೆಯ ನಿಯಂತ್ರಕ ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿಯಂತೆ 20 ಪೈಸೆ. ಕಡಿಮೆ ದರದ ಬ್ರೋಕರ್‌ಗಳಲ್ಲಿ ಆರ್ಡರಿಗೆ 20 ರೂಪಾಯಿ ಅಥವಾ ಶೇ 0.03, ಯಾವುದು ಕಡಿಮೆಯೋ ಅದು ಎಂಬ ಲೆಕ್ಕ ಸಾಮಾನ್ಯ. ಎರಡು ಆರ್ಡರಿಗೆ 40 ರೂಪಾಯಿ. ದಲ್ಲಾಳಿ ಶುಲ್ಕ, ಕೇಂದ್ರದ ಶುಲ್ಕ, ಸೆಬಿ ಶುಲ್ಕ ಇವುಗಳ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಸುಮಾರು 8 ರೂಪಾಯಿ 45 ಪೈಸೆ. ಎಲ್ಲ ಸೇರಿದರೆ 83 ರೂಪಾಯಿ ಮೇಲೆ ಕೆಲವು ಪೈಸೆ.

46 ಬಂತು, 83 ಹೋಯಿತು. ಉಳಿದದ್ದು 37 ರೂಪಾಯಿ ನಷ್ಟ.

ಈಗ ಡೆಲಿವರಿ ದರದಲ್ಲಿ, ಅಂದರೆ ಷೇರು ಡಿಮ್ಯಾಟ್ ಖಾತೆಗೆ ಬಂದು ಹೋಗುವ ವ್ಯವಹಾರದ ದರದಲ್ಲಿ ನೋಡಿ. ಇಲ್ಲಿ ಎಸ್‌ಟಿಟಿ ಕೊಳ್ಳುವಾಗ ಶೇ 0.1, ಮಾರುವಾಗ ಮತ್ತೆ ಶೇ 0.1. ಒಂದು ಲಕ್ಷದ ಮೇಲೆ ಎರಡೂ ಸೇರಿ 200 ರೂಪಾಯಿ. ಮುದ್ರಾಂಕ ಶುಲ್ಕ ಶೇ 0.015, ಅಂದರೆ 15 ರೂಪಾಯಿ. ಬ್ರೋಕರ್ ಡೆಲಿವರಿಗೆ ಏನೂ ತೆಗೆದುಕೊಳ್ಳುವುದಿಲ್ಲ ಎಂದು ಇಟ್ಟುಕೊಂಡರೂ ಉಳಿದ ಶುಲ್ಕಗಳು ಸೇರಿ ಸುಮಾರು 223 ರೂಪಾಯಿ ಆಗುತ್ತದೆ. ಡಿಮ್ಯಾಟ್‌ನಿಂದ ಷೇರು ಹೊರಹೋದದ್ದಕ್ಕೆ ಡಿಪಾಸಿಟರಿ ಶುಲ್ಕ ಬೇರೆ. ಒಂದು ಸಾವಿರದ ಮೇಲೆ ಎರಡು ರೂಪಾಯಿ ಎಂದರೆ ಶೇ 0.2. ಅಂದರೆ ಪರದೆಯ ಮೇಲೆ ಕಂಡ ಆ ಎರಡು ರೂಪಾಯಿ ಪೂರ್ತಿಯಾಗಿ ನಿಮ್ಮ ಕೈಗೆ ಬಂದಿದ್ದರೂ ಎಸ್‌ಟಿಟಿಯೊಂದೇ ಅದನ್ನು ಕೊನೆಯ ಪೈಸೆಯವರೆಗೆ ತೆಗೆದುಕೊಂಡು ಹೋಗುತ್ತಿತ್ತು. ಇಡೀ ವಿಷಯದಲ್ಲಿ ನೆನಪಿಡಬೇಕಾದ ಒಂದು ಸಂಖ್ಯೆ ಇದ್ದರೆ ಅದು ಇದು.

ಮೇಲಿನ ಸಾಲಿನಲ್ಲಿರುವ ಆ 18 ಷೇರನ್ನು ಮಾತ್ರ ಮಾರಿದರೆ? ಅಲ್ಲಿ ಪೂರ್ತಿ ಒಂದು ರೂಪಾಯಿ ಅಂತರವಿದೆಯಲ್ಲ.

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಪಟ್ಟಿಯನ್ನು ಸರಿಯಾಗಿ ಓದಿದ್ದಾರೆ. 18 ಷೇರಿಗೆ 18 ರೂಪಾಯಿ ಸಿಗುತ್ತದೆ. ಆದರೆ ಮೊತ್ತ 18 ಸಾವಿರ ಆಗಿರುವುದರಿಂದ ದಲ್ಲಾಳಿ ಶುಲ್ಕ ಶೇ 0.03ರಂತೆ ಬೀಳುತ್ತದೆ, ಎರಡು ಕಡೆ ಸೇರಿ 10 ರೂಪಾಯಿ 80 ಪೈಸೆ. ಇಂಟ್ರಾಡೇ ದರದಲ್ಲೇ ಉಳಿದವನ್ನೂ ಕೂಡಿಸಿದರೆ ವೆಚ್ಚ 19 ರೂಪಾಯಿ 28 ಪೈಸೆ. ಒಂದು ರೂಪಾಯಿ ಚಿಲ್ಲರೆ ನಷ್ಟ.

ಚಿಕ್ಕ ಆರ್ಡರಿನಲ್ಲಿ ಒಟ್ಟು ವೆಚ್ಚ ಸುಮಾರು ಶೇ 0.107 ಆಗುತ್ತದೆ. ಒಂದು ಲಕ್ಷದ ಆರ್ಡರಿನಲ್ಲಿ ಅದು ಶೇ 0.083ಕ್ಕೆ ಇಳಿಯುತ್ತದೆ.

ಹಾಗಾದರೆ ದೊಡ್ಡ ಮೊತ್ತ ಹಾಕಿದರೆ ವೆಚ್ಚ ಇನ್ನೂ ಇಳಿಯಬೇಕಲ್ಲ?

ಇಳಿಯುತ್ತದೆ. ಸಾವಿರ ಷೇರು, ಅಂದರೆ ಹತ್ತು ಲಕ್ಷ ಹಾಕಿದರೆ 40 ರೂಪಾಯಿ ದಲ್ಲಾಳಿ ಶುಲ್ಕ ಹರಡಿಹೋಗಿ, ಇಂಟ್ರಾಡೇ ದರದಲ್ಲಿ ಒಟ್ಟು ವೆಚ್ಚ ಸುಮಾರು 409 ರೂಪಾಯಿ, ಷೇರಿಗೆ 41 ಪೈಸೆ. ನೂರು ಷೇರಿನಲ್ಲಿ ಷೇರಿಗೆ 46 ಪೈಸೆ ಸಿಕ್ಕಿತ್ತು. ಕಾಗದದ ಮೇಲೆ ಐದು ಪೈಸೆ ಉಳಿಯುತ್ತದೆ.

ಆದರೆ ಬಿಎಸ್‌ಇಯ ಆ ಐದು ಸಾಲುಗಳನ್ನು ಮತ್ತೆ ನೋಡಿ. ಎಲ್ಲ ಸೇರಿ ಅಲ್ಲಿರುವುದು 333 ಷೇರು. ನಾಲ್ಕನೆಯ ಸಾಲಿನ ಬೆಲೆಯೇ ನೀವು ಎನ್‌ಎಸ್‌ಇಯಲ್ಲಿ ಕೊಂಡ ಬೆಲೆಗಿಂತ ಕಡಿಮೆ. ಸಾವಿರ ಷೇರನ್ನು ಅಲ್ಲಿ ಸುರಿದರೆ ಬೆಲೆಯನ್ನು ಕೆಳಗೆ ತಳ್ಳುವವರು ನೀವೇ ಆಗುತ್ತೀರಿ. ಚಿಕ್ಕ ಮೊತ್ತಕ್ಕೆ ಶುಲ್ಕ ಅಡ್ಡ, ದೊಡ್ಡ ಮೊತ್ತಕ್ಕೆ ಕೊಳ್ಳುವವರ ಕೊರತೆ ಅಡ್ಡ. ಇವೆರಡರ ನಡುವೆ ಎಲ್ಲೋ ಜಾಗ ಇರಬಹುದು ಎಂದು ಹುಡುಕಿದವರಿಗೆ ಈ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಮೊದಲ ಎರಡು ಸಾಲಿನ 58 ಷೇರಿಗೆ 42 ರೂಪಾಯಿ ಬರುತ್ತದೆ, ವೆಚ್ಚ 62 ರೂಪಾಯಿ.

ಹತ್ತಿ, ಭತ್ತದ ವ್ಯಾಪಾರದಲ್ಲಿ ನಾವು ಇದನ್ನೇ ಮಾಡುತ್ತೇವೆ. ಇಲ್ಲಿ ಮಾತ್ರ ಯಾಕೆ ಆಗುವುದಿಲ್ಲ?

ರಾಯಚೂರಿನ ಹತ್ತಿ ವ್ಯಾಪಾರಿಯೊಬ್ಬರು ಕೇಳಿದ ಪ್ರಶ್ನೆ ಇದು. ಅವರಿಗೆ ಉತ್ತರ ಆಗಲೇ ಗೊತ್ತಿತ್ತು ಎಂದು ನನ್ನ ಭಾವನೆ. ಎರಡು ಎಪಿಎಂಸಿಗಳ ನಡುವೆ ಕ್ವಿಂಟಲ್‌ಗೆ ಇಷ್ಟು ವ್ಯತ್ಯಾಸ ಇದೆ ಎಂದು ಕೇಳಿದ ಕೂಡಲೇ ಅವರು ಲಾರಿ ಬಾಡಿಗೆ, ಹಮಾಲಿ, ದಲಾಲಿ, ತೂಕದಲ್ಲಿ ಬೀಳುವ ಕೊರತೆ ಎಲ್ಲವನ್ನೂ ಮನಸ್ಸಿನಲ್ಲೇ ಕಳೆಯುತ್ತಾರೆ. ಕಳೆದ ಮೇಲೆ ಏನೂ ಉಳಿಯದಿದ್ದರೆ ಆ ವ್ಯತ್ಯಾಸ ಹಾಗೇ ಉಳಿದುಕೊಂಡಿರುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಷೇರಿನಲ್ಲೂ ಅಷ್ಟೇ. ನಿಮ್ಮ ಕಣ್ಣಿಗೆ ದಿನವಿಡೀ ಬೀಳುತ್ತಿರುವ ಅಂತರ ಸಾಮಾನ್ಯವಾಗಿ ವೆಚ್ಚಕ್ಕಿಂತ ಚಿಕ್ಕದು. ಚಿಕ್ಕದಾಗಿರುವುದರಿಂದಲೇ ಅದು ಕಣ್ಣಿಗೆ ಬೀಳುವಷ್ಟು ಹೊತ್ತು ಬದುಕಿದೆ. ವ್ಯತ್ಯಾಸವೆಂದರೆ, ಹತ್ತಿಯಲ್ಲಿ ಲಾರಿ ಕಣ್ಣಿಗೆ ಕಾಣುತ್ತದೆ. ಇಲ್ಲಿ ವೆಚ್ಚ ಆಮೇಲೆ ಬ್ರೋಕರ್ ಕಳುಹಿಸುವ ಲೆಕ್ಕದ ಚೀಟಿಯಾದ ಕಾಂಟ್ರ್ಯಾಕ್ಟ್ ನೋಟ್‌ನ ಕೊನೆಯ ಸಾಲುಗಳಲ್ಲಿ ಕಾಣುತ್ತದೆ.

ಎನ್‌ಎಸ್‌ಇಯಲ್ಲಿ ಕೊಂಡು ಅದೇ ಕ್ಷಣ ಬಿಎಸ್‌ಇಯಲ್ಲಿ ಮಾರಲು ಬ್ರೋಕರ್ ಬಿಡುತ್ತಾರೆಯೇ?

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಸಣ್ಣ ಹೂಡಿಕೆದಾರರು ಬಳಸುವ ಅನೇಕ ಆ್ಯಪ್‌ಗಳಲ್ಲಿ ಇಂಟ್ರಾಡೇ ಖಾತೆಯನ್ನು ಪ್ರತಿ ವಿನಿಮಯ ಕೇಂದ್ರಕ್ಕೂ ಬೇರೆಯಾಗಿ ಇಡುತ್ತಾರೆ. ಎನ್‌ಎಸ್‌ಇಯಲ್ಲಿ ನೂರು ಕೊಂಡು ಬಿಎಸ್‌ಇಯಲ್ಲಿ ನೂರು ಮಾರಿದರೆ ಒಂದನ್ನೊಂದು ರದ್ದು ಮಾಡುವುದಿಲ್ಲ. ಪರದೆಯ ಮೇಲೆ ಎರಡು ತೆರೆದ ಸಾಲುಗಳು ಕಾಣುತ್ತವೆ: ಎನ್‌ಎಸ್‌ಇ +100, ಬಿಎಸ್‌ಇ −100. ದಿನ ಮುಗಿಯುವ ಮೊದಲು ಎರಡನ್ನೂ ಅಲ್ಲಲ್ಲೇ ಮುಚ್ಚಬೇಕು. ನೀವು ಮುಚ್ಚದಿದ್ದರೆ ಮಧ್ಯಾಹ್ನ ಮೂರೂಕಾಲರ ಆಸುಪಾಸಿನಲ್ಲಿ ಬ್ರೋಕರ್ ತಾವೇ ಮುಚ್ಚುತ್ತಾರೆ, ಅದಕ್ಕೆ ಬೇರೆ ಶುಲ್ಕವನ್ನೂ ಹಾಕುತ್ತಾರೆ.

ಇದರ ಅರ್ಥ, ಎರಡು ವ್ಯವಹಾರ ಅಂದುಕೊಂಡದ್ದು ನಾಲ್ಕಾಯಿತು. ವೆಚ್ಚ 83ರಿಂದ ಸುಮಾರು 167 ರೂಪಾಯಿಗೆ ಏರಿತು. ಅದಕ್ಕಿಂತ ಮುಖ್ಯವಾಗಿ, ಲಾಭ ಬರಬೇಕಾದರೆ ನೀವು ಮುಚ್ಚುವ ಹೊತ್ತಿಗೆ ಅಂತರ ಕುಗ್ಗಿರಬೇಕು. ಅದು ಕುಗ್ಗಿದರೂ ಮುಚ್ಚುವಾಗ ನೀವು ಬಿಎಸ್‌ಇಯಲ್ಲಿ ಆಫರ್ ಬೆಲೆಗೆ ಕೊಳ್ಳುತ್ತೀರಿ, ಎನ್‌ಎಸ್‌ಇಯಲ್ಲಿ ಬಿಡ್ ಬೆಲೆಗೆ ಮಾರುತ್ತೀರಿ, ಬಿಡ್ ಮತ್ತು ಆಫರ್ ನಡುವಿನ ಬೆಲೆಯನ್ನು ಎರಡನೇ ಬಾರಿ ತೆರುತ್ತೀರಿ. ವಹಿವಾಟು ಕಡಿಮೆ ಇರುವ ಷೇರಿನಲ್ಲಿ ಅದು ಮೊದಲ ಅಂತರಕ್ಕಿಂತ ದೊಡ್ಡದಿರುವುದುಂಟು.

ಡೆಲಿವರಿ ಆಯ್ಕೆ ಮಾಡಿ, ಕೈಯಲ್ಲಿ ಷೇರು ಇಲ್ಲದೆ ಮಾರಲು ಹೋಗುವುದು ಇನ್ನೂ ಅಪಾಯ. ಷೇರು ಒದಗಿಸಲು ಆಗದಿದ್ದರೆ ವಿಷಯ ಹರಾಜಿಗೆ ಹೋಗುತ್ತದೆ, ಅಲ್ಲಿ ಬಂದ ಬೆಲೆಯನ್ನೂ ದಂಡವನ್ನೂ ನೀವೇ ಕಟ್ಟಬೇಕು. 2019ರಿಂದ ಎರಡೂ ಕೇಂದ್ರಗಳ ವ್ಯವಹಾರವನ್ನು ಒಂದೇ ಕ್ಲಿಯರಿಂಗ್ ಕಾರ್ಪೊರೇಷನ್ ಮೂಲಕ ಇತ್ಯರ್ಥ ಮಾಡುವ ವ್ಯವಸ್ಥೆ ಬಂದಿದೆ ಎಂಬುದು ನಿಜ. ಆದರೆ ಅದರ ಅನುಕೂಲವನ್ನು ನಿಮ್ಮ ಬ್ರೋಕರ್ ನಿಮಗೆ ಕೊಡುತ್ತಾರೆಯೇ, ಕೊಟ್ಟರೆ ಯಾವ ದರದಲ್ಲಿ ಎಸ್‌ಟಿಟಿ ಹಾಕುತ್ತಾರೆ ಎಂಬುದನ್ನು ಮೊದಲು ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಪಡೆಯಿರಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನಂಬಿ ಆರ್ಡರ್ ಹಾಕಬೇಡಿ.

ನನ್ನ ಡಿಮ್ಯಾಟ್‌ನಲ್ಲಿ ಆಗಲೇ ನೂರು ಷೇರು ಇವೆ. ಹೆಚ್ಚಿರುವ ಕಡೆ ಮಾರಿ, ಕಡಿಮೆ ಇರುವ ಕಡೆ ಮತ್ತೆ ಕೊಂಡರೆ?

ಸಾಧ್ಯವಿರುವ ದಾರಿಗಳಲ್ಲಿ ಇದೇ ಸರಿಯಾದದ್ದು. ಷೇರು ಬರುವವರೆಗೆ ಕಾಯಬೇಕಿಲ್ಲ, ಹರಾಜಿನ ಭಯವಿಲ್ಲ, ಕೊನೆಗೆ ನಿಮ್ಮ ಬಳಿ ಮತ್ತೆ ನೂರೇ ಷೇರು ಇರುತ್ತವೆ. ಆದರೆ ಡಿಮ್ಯಾಟ್‌ನ ಷೇರು ಹೊರಹೋಗಿ ಹೊಸ ಷೇರು ಒಳಬಂದರೆ ಮೇಲೆ ಹೇಳಿದ ಡೆಲಿವರಿ ಲೆಕ್ಕವೇ ಅನ್ವಯಿಸುತ್ತದೆ. ಒಂದು ಲಕ್ಷಕ್ಕೆ ಸುಮಾರು 240 ರೂಪಾಯಿ ದಾಟುವ ಅಂತರ ನಿಜವಾದ ಬಿಡ್ ಮತ್ತು ಆಫರ್ ನಡುವೆ ಸಿಕ್ಕರೆ ಮಾತ್ರ ಕೈ ಹಾಕಬಹುದು.

ಇನ್ನೊಂದು ವಿಷಯ. ಹಳೆಯ ಷೇರನ್ನು ಮಾರಿದ ಕೂಡಲೇ ಅದರ ಮೇಲಿನ ಇಷ್ಟು ದಿನದ ಏರಿಕೆ ತೆರಿಗೆಗೆ ಒಳಪಡುವ ಲಾಭವಾಗುತ್ತದೆ. ಒಂದು ವರ್ಷ ತುಂಬದ ಷೇರಾಗಿದ್ದರೆ 2024ರ ಜುಲೈ 23ರಿಂದ ಆ ಲಾಭದ ಮೇಲೆ ಶೇ 20 ತೆರಿಗೆ. ಮತ್ತೆ ಕೊಂಡ ಷೇರಿಗೆ ಒಂದು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಹನ್ನೊಂದು ತಿಂಗಳು ಇಟ್ಟುಕೊಂಡ ಷೇರನ್ನು ಐವತ್ತು ರೂಪಾಯಿಯ ಅಂತರಕ್ಕಾಗಿ ಮಾರಿ, ಸಾವಿರಾರು ರೂಪಾಯಿ ತೆರಿಗೆಯನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ.

ಎರಡು ಆರ್ಡರ್‌ಗಳನ್ನೂ ಒಂದೇ ಕ್ಷಣದಲ್ಲಿ ಒತ್ತಿದರೆ ಅಂತರ ಸಿಗುವುದಿಲ್ಲವೇ?

ಒಂದೇ ಕ್ಷಣ ಎಂಬುದು ಇಲ್ಲ. ಒಂದು ಆರ್ಡರ್ ಯಾವಾಗಲೂ ಮೊದಲು ಹೋಗುತ್ತದೆ. ಎನ್‌ಎಸ್‌ಇಯಲ್ಲಿ ಕೊಂಡಾಯಿತು, ಬಿಎಸ್‌ಇಯ ಮಾರಾಟದ ಆರ್ಡರ್ ತಲುಪುವಷ್ಟರಲ್ಲಿ ಮೇಲಿನ 18 ಷೇರಿನ ಬಿಡ್ ಮಾಯವಾಗಿತ್ತು ಎಂದುಕೊಳ್ಳಿ. ಈಗ ನಿಮ್ಮ ಕೈಯಲ್ಲಿರುವುದು ಆರ್ಬಿಟ್ರೇಜ್, ಅಂದರೆ ಎರಡು ಕಡೆಯ ಬೆಲೆ ಅಂತರದಿಂದ ಬರುವ ಲಾಭ ಅಲ್ಲ, ನೀವು ಕೊಳ್ಳಬೇಕೆಂದೇ ಇರದ ಒಂದು ಲಕ್ಷದ ಷೇರು. ಬೆಲೆ ಅರ್ಧ ಶೇಕಡಾ ಜಾರಿದರೆ 500 ರೂಪಾಯಿ ಹೋಯಿತು. ಸಿಗಬಹುದಾಗಿದ್ದ 46 ರೂಪಾಯಿಗೆ ಎದುರಾಗಿ ಇಟ್ಟ ಅಪಾಯ ಇದು.

ನಿಮ್ಮ ಎದುರಿಗೆ ಇರುವವರು ಯಾರೆಂಬುದನ್ನೂ ತಿಳಿದಿರಿ. ವಿನಿಮಯ ಕೇಂದ್ರಗಳ ದತ್ತಾಂಶ ಕೇಂದ್ರದೊಳಗೇ ಬಾಡಿಗೆಗೆ ಜಾಗ ಪಡೆದು ತಮ್ಮ ಕಂಪ್ಯೂಟರ್‌ಗಳನ್ನು ಇಟ್ಟಿರುವ ಸಂಸ್ಥೆಗಳಿವೆ. ಅವುಗಳಿಗೆ ಬೆಲೆ ನಿಮಗಿಂತ ಮೊದಲೇ ತಲುಪುತ್ತದೆ, ಆರ್ಡರಿಗೆ 20 ರೂಪಾಯಿ ಕಟ್ಟುವ ಪ್ರಮೇಯವೂ ಇಲ್ಲ. ನಿಮ್ಮ ಮೊಬೈಲ್‌ಗೆ ಬೆಲೆ ಬರುವುದು ಬ್ರೋಕರ್‌ನ ಸರ್ವರ್ ಮೂಲಕ, ಆರ್ಡರ್ ಹೋಗುವುದೂ ಅದೇ ದಾರಿಯಲ್ಲಿ. ಜೊತೆಗೆ 2010ರ ಆಗಸ್ಟ್‌ನಲ್ಲಿ ಸೆಬಿ 'ಸ್ಮಾರ್ಟ್ ಆರ್ಡರ್ ರೂಟಿಂಗ್'ಗೆ ಅನುಮತಿ ಕೊಟ್ಟಿತು. ಎರಡು ಕೇಂದ್ರಗಳಲ್ಲಿ ಎಲ್ಲಿ ಬೆಲೆ ಅನುಕೂಲವೋ ಅಲ್ಲಿಗೆ ಆರ್ಡರನ್ನು ತಾನಾಗಿಯೇ ಕಳುಹಿಸುವ ವ್ಯವಸ್ಥೆ ಇದು. ಯಾರೂ ಆರ್ಬಿಟ್ರೇಜ್ ಮಾಡದೆ ಇದ್ದರೂ ಇಂಥ ಆರ್ಡರ್‌ಗಳೇ ಅಂತರವನ್ನು ಮುಚ್ಚಿಬಿಡುತ್ತವೆ.

ಸಂಜೆ ಮುಕ್ತಾಯದ ಬೆಲೆಯಲ್ಲೂ ವ್ಯತ್ಯಾಸ ಇರುತ್ತದೆ. ಅದು ಹಳೆಯ ಬೆಲೆಯಲ್ಲವಲ್ಲ?

ಅದು ವ್ಯವಹಾರದ ಬೆಲೆಯೇ ಅಲ್ಲ. ವರ್ಷಗಳಿಂದ ನಡೆದು ಬಂದ ಪದ್ಧತಿಯಲ್ಲಿ ಮುಕ್ತಾಯದ ಬೆಲೆ ಎಂದರೆ ಕೊನೆಯ ಅರ್ಧ ಗಂಟೆಯ, ಅಂದರೆ 3ರಿಂದ 3.30ರವರೆಗಿನ ವಹಿವಾಟಿನ ತೂಕದ ಸರಾಸರಿ. ಎರಡೂ ಕೇಂದ್ರಗಳು ತಮ್ಮ ತಮ್ಮ ವಹಿವಾಟಿನಿಂದ ಅದನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ. ಬಿಎಸ್‌ಇಯಲ್ಲಿ ಹೆಚ್ಚಿನ ಷೇರು 3 ಗಂಟೆಗೆ ಕೈ ಬದಲಾಗಿ, ಎನ್‌ಎಸ್‌ಇಯಲ್ಲಿ ಹೆಚ್ಚಿನದು 3.25ಕ್ಕೆ ಬದಲಾಗಿದ್ದರೆ ಸರಾಸರಿ ಬೇರೆಯಾಗಲೇಬೇಕು. ಆ ಸಂಖ್ಯೆಗೆ ಯಾರೂ ನಿಮಗೆ ಷೇರು ಕೊಡಲು ಕುಳಿತಿಲ್ಲ.

ಗೂಗಲ್ ಶೀಟ್‌ನಲ್ಲಿ ಎರಡೂ ಬೆಲೆ ತಂದು ಅಂತರ ನೋಡುತ್ತಿದ್ದೇನೆ. ಅದನ್ನು ನಂಬಬಹುದೇ?

ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ:

```
=GOOGLEFINANCE("BOM:500228")-GOOGLEFINANCE("NSE:JSWSTEEL")
```

ಷೇರು ಯಾವುದೆಂದು ಗುರುತಿಸಲು ಇದು ಸರಿ. ಆದರೆ ಇಲ್ಲಿ ಬರುವ ಬೆಲೆ ಇಪ್ಪತ್ತು ನಿಮಿಷದವರೆಗೆ ತಡವಾಗಿರಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ಎರಡು ಬೆಲೆಗಳೂ ಒಂದೇ ಪ್ರಮಾಣದಲ್ಲಿ ತಡವಾಗಬೇಕೆಂದಿಲ್ಲ. ಬೆಲೆ ಏರುತ್ತಿರುವ ದಿನ ಈ ಸೂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಇಲ್ಲದ ಅಂತರವನ್ನು ತೋರಿಸುತ್ತಾ ಕೂರಬಲ್ಲದು. ಜೊತೆಗೆ ಇದರಲ್ಲಿ ಬಿಡ್ ಮತ್ತು ಆಫರ್ ಇಲ್ಲ.

ಕ್ರಿಪ್ಟೊದಲ್ಲಿ ಅಂತರ ದೊಡ್ಡದಿರುತ್ತದೆಯಂತೆ?

ದೊಡ್ಡದಿರುವುದಕ್ಕೆ ಕಾರಣವೂ ದೊಡ್ಡದು. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಕ್ರಿಪ್ಟೊ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ ಕಡಿತವಾಗುತ್ತದೆ. ಲಾಭದ ಮೇಲೆ ಶೇ 30 ತೆರಿಗೆ, ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಟಿಡಿಎಸ್ ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಪ್ರತಿ ಮಾರಾಟದಲ್ಲೂ ಬಂಡವಾಳದ ನೂರನೇ ಒಂದು ಪಾಲು ಕೈತಪ್ಪಿರುತ್ತದೆ. ಶೇ 0.5 ಅಂತರ ಹಿಡಿದು ದಿನಕ್ಕೆ ಹತ್ತು ಬಾರಿ ತಿರುಗಿಸಬೇಕೆಂದವರ ಹಣ ಮೊದಲ ವಾರದಲ್ಲೇ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಕೆಲಸಕ್ಕೇ ಸಾಫ್ಟ್‌ವೇರ್ ಇದೆ, ದಿನಕ್ಕೆ ಶೇ 1 ಖಚಿತ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೇಳುತ್ತಾರೆ. ನಿಜವೇ?

ಅವರಿಗೆ ಒಂದೇ ಮಾತು ಕೇಳಿ: ನೀವು ಇದನ್ನು ಮಾಡಿದ ಒಂದು ದಿನದ ಕಾಂಟ್ರ್ಯಾಕ್ಟ್ ನೋಟ್ ತೋರಿಸಿ. ಲಾಭದ ಸ್ಕ್ರೀನ್‌ಶಾಟ್ ಸಾಲದು. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಪ್ರತಿ ವ್ಯವಹಾರದ ಸಮಯ, ಕೇಂದ್ರ, ಬೆಲೆ ಮತ್ತು ಕೆಳಗೆ ಎಸ್‌ಟಿಟಿ, ಮುದ್ರಾಂಕ, ಜಿಎಸ್‌ಟಿ ಎಲ್ಲ ಇರುತ್ತವೆ. ಕೊಂಡ ಸಮಯ ಮತ್ತು ಮಾರಿದ ಸಮಯದ ನಡುವೆ ನಿಮಿಷಗಟ್ಟಲೆ ಅಂತರವಿದ್ದರೆ ಅದು ಬೆಲೆ ಏರುತ್ತದೆಂಬ ಜೂಜು. ಕೆಳಗಿನ ಶುಲ್ಕಗಳನ್ನು ಕಳೆದಾಗ ಮೊತ್ತ ಎಷ್ಟಾಗುತ್ತದೆ ಎಂದು ಅವರ ಮುಂದೆಯೇ ಕೂಡಿ ನೋಡಿ. ಇಷ್ಟು ಹೊತ್ತು ನಾವು ಶೇ 0.1ಕ್ಕಾಗಿ ಪೈಸೆ ಎಣಿಸುತ್ತಿದ್ದೆವು. ಅದರ ಹತ್ತರಷ್ಟನ್ನು ಪ್ರತಿದಿನ ಖಚಿತವಾಗಿ ಕೊಡುತ್ತೇನೆನ್ನುವವರಿಗೆ ದಯವಿಟ್ಟು ಹಣ ಕಳುಹಿಸಬೇಡಿ, ನಿಮ್ಮ ಖಾತೆಯ ಪಾಸ್‌ವರ್ಡ್ ಅಥವಾ ಒಟಿಪಿಯನ್ನೂ ಕೊಡಬೇಡಿ.

ಹಾಗಾದರೆ ಎರಡು ಬೆಲೆಗಳನ್ನು ನೋಡುವುದರಿಂದ ಏನೂ ಪ್ರಯೋಜನವಿಲ್ಲವೇ?

ಇದೆ. ನೀವು ಹೇಗಿದ್ದರೂ ಕೊಳ್ಳಬೇಕೆಂದಿರುವ ದಿನ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎಸ್‌ಟಿಟಿ, ಮುದ್ರಾಂಕ, ದಲ್ಲಾಳಿ ಶುಲ್ಕ ಇವನ್ನು ಎಲ್ಲಿ ಕೊಂಡರೂ ಕಟ್ಟುತ್ತೀರಿ. ಆದ್ದರಿಂದ ಅವು ಹೋಲಿಕೆಯಿಂದ ಹೊರಗೆ ಹೋಗುತ್ತವೆ. ಉಳಿಯುವುದು ಎರಡು ಕೇಂದ್ರಗಳ ಶುಲ್ಕದ ವ್ಯತ್ಯಾಸ ಮಾತ್ರ: ಲಕ್ಷಕ್ಕೆ 78 ಪೈಸೆ, ಜಿಎಸ್‌ಟಿ ಸೇರಿ 92 ಪೈಸೆ. ಆರ್ಬಿಟ್ರೇಜ್‌ಗೆ ಲಕ್ಷಕ್ಕೆ 83 ರೂಪಾಯಿ ದಾಟುವ ಅಂತರ ಬೇಕಿತ್ತು, ಇಲ್ಲಿ ಒಂದು ರೂಪಾಯಿ ಸಾಕು.

ಬಿಎಸ್‌ಇಯ ಆಫರ್ 1,000.00 ಇದ್ದು ಎನ್‌ಎಸ್‌ಇಯದು 1,000.20 ಇದ್ದರೆ, ನೂರು ಷೇರಿಗೆ 20 ರೂಪಾಯಿ ನಿಜವಾಗಿಯೂ ಉಳಿಯುತ್ತದೆ. ಮಾರುವಾಗ ಇದೇ ರೀತಿ ಎರಡೂ ಕಡೆಯ ಬಿಡ್ ನೋಡಿ. ಎರಡೂ ಸಲ ಬೆಲೆಯ ಮಿತಿಯನ್ನು ನೀವೇ ಹೇಳುವ ಲಿಮಿಟ್ ಆರ್ಡರನ್ನೇ ಹಾಕಿ. ಬಿಎಸ್‌ಇಯಲ್ಲಿ ಆ ಬೆಲೆಗೆ 30 ಷೇರು ಮಾತ್ರ ಇದ್ದರೆ 30ಕ್ಕೆ ಆರ್ಡರ್ ಹಾಕಿ, ಅದು ಪೂರ್ತಿಯಾದ ಮೇಲೆ ಉಳಿದ 70ಕ್ಕೆ ಎರಡೂ ಪಟ್ಟಿಗಳನ್ನು ಮತ್ತೆ ನೋಡಿ. ನಿಮ್ಮ ಬ್ರೋಕರ್ ಡೆಲಿವರಿಗೂ ಪ್ರತಿ ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುವವರಾಗಿದ್ದರೆ ಮಾತ್ರ ಹೀಗೆ ಒಡೆಯಬೇಡಿ, ಇಡೀ ನೂರನ್ನೂ ಪೂರ್ತಿ ಸಿಗುವ ಕಡೆಯಲ್ಲೇ ಕೊಳ್ಳಿ.